ಎಸ್ಎಸ್ಎಲ್‌ಸಿ ವೇಳಾಪಟ್ಟಿ: ದಿನಾಂಕ ಸಿಕ್ಕಿತು, ಇನ್ನು ಮೂರು ವಿವರ ಬೇಕು

ವಿದ್ಯಾರ್ಥಿನಿಯ ಸಂದೇಶ, ಜನವರಿ 20, 2025:

ಮೇಡಂ ನಮಸ್ತೆ. ಟೈಮ್‌ಟೇಬಲ್ ಬಂದಿದೆ. ಮಾರ್ಚ್ 21 ಕನ್ನಡ, 24 ಗಣಿತ, 26 ಇಂಗ್ಲಿಷ್, 29 ಸಮಾಜ, ಏಪ್ರಿಲ್ 2 ವಿಜ್ಞಾನ, 4 ಹಿಂದಿ. ದಯವಿಟ್ಟು ಓದೋಕೆ ಒಂದು ಪ್ಲಾನ್ ಹಾಕಿಕೊಡಿ ಮೇಡಂ.

ಉತ್ತರ:

ಚೈತ್ರಾ, ಈಗಲೇ ಕೇಳಿದ್ದು ಒಳ್ಳೆಯದಾಯಿತು. ಇವತ್ತನ್ನೂ ಸೇರಿಸಿದರೆ ಮೊದಲ ಪರೀಕ್ಷೆಗೆ 60 ದಿನ ಇದೆ. ಆದರೆ ಬರೀ ದಿನಾಂಕ ನೋಡಿ ಪ್ಲಾನ್ ಹಾಕಿಕೊಟ್ಟರೆ ನಾಲ್ಕನೇ ದಿನಕ್ಕೇ ಅದು ತಪ್ಪುತ್ತದೆ. ತಪ್ಪಿದ್ದು ಪಟ್ಟಿ, ಆದರೆ ನಿನಗೆ ಓದಲು ಬರುವುದಿಲ್ಲ ಎಂದು ನೀನು ಅಂದುಕೊಳ್ಳುತ್ತೀಯ. ಹಾಗಾಗುವುದು ಬೇಡ.

ಮೊದಲು ದಿನಾಂಕಗಳಿಂದಲೇ ಗೊತ್ತಾಗುವ ಸಂಗತಿ ಹೇಳುತ್ತೇನೆ. ಇಂಗ್ಲಿಷಿಗೂ ಹಿಂದಿಗೂ ಮುಂಚೆ ಒಂದೊಂದೇ ದಿನ ಬಿಡುವು. ಆ ದಿನ ಹೊಸದಾಗಿ ಏನನ್ನೂ ಕಲಿಯಲು ಆಗುವುದಿಲ್ಲ, ತಿರುವಿ ಹಾಕಬಹುದು ಅಷ್ಟೆ. ಹಾಗಾಗಿ ಇವೆರಡರ ಪದ್ಯ, ಪತ್ರ, ಪ್ರಬಂಧ ಎಲ್ಲ ಮಾರ್ಚ್ 10ರ ಒಳಗೇ ಮುಗಿದಿರಬೇಕು. ವಿಜ್ಞಾನಕ್ಕೆ ಮೂರು ದಿನ ಇದೆ ಎಂದು ನಂಬಿ ಕೂರಬೇಡ. ಮಾರ್ಚ್ 30 ಯುಗಾದಿ, ಮಾರನೆಯ ದಿನ ರಂಜಾನ್. ಮನೆಗೆ ನೆಂಟರು ಬಂದರೆ ಕೈಗೆ ಸಿಗುವುದು ಒಂದೂವರೆ ದಿನ. ಕನ್ನಡವೇ ಮೊದಲ ಪರೀಕ್ಷೆ. ‘ನಮ್ಮ ಭಾಷೆ, ಬರುತ್ತದೆ ಬಿಡು’ ಎಂದು ಅದನ್ನು ಕೊನೆಗೆ ತಳ್ಳಿದರೆ ಮಾರ್ಚ್ 20ರ ರಾತ್ರಿ ಛಂದಸ್ಸು, ಅಲಂಕಾರ ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. 625ರಲ್ಲಿ ಅದೊಂದಕ್ಕೇ 125 ಅಂಕ ಇದೆ, ಉಳಿದ ಯಾವ ವಿಷಯಕ್ಕೂ ಅಷ್ಟಿಲ್ಲ.

ದಿನಾಂಕ ಹೇಳುವುದು ಇಷ್ಟೇ. ಇನ್ನು ನೀನು ಹೇಳಬೇಕಾದದ್ದು.

ಮೊದಲನೆಯದು ಪೋರ್ಷನ್. ಶಾಲೆಯಲ್ಲಿ ಯಾವ ವಿಷಯ ಎಲ್ಲಿಯವರೆಗೆ ಮುಗಿದಿದೆ? ‘ಮುಕ್ಕಾಲು ಆಗಿದೆ’ ಎಂದರೆ ನನಗೆ ಉಪಯೋಗವಿಲ್ಲ. ಪ್ರತಿ ಪಠ್ಯಪುಸ್ತಕದ ಪರಿವಿಡಿ ಪುಟದ ಫೋಟೋ ತೆಗೆದು ಕಳುಹಿಸು, ಪಾಠ ಆಗದ ಅಧ್ಯಾಯದ ಮುಂದೆ ಒಂದು ಸೊನ್ನೆ ಹಾಕು. ಪಾಠವೇ ಆಗದಿರುವುದಕ್ಕೂ, ಪಾಠ ಆಗಿ ಅರ್ಥವಾಗದಿರುವುದಕ್ಕೂ ಬೇರೆ ಬೇರೆ ಔಷಧಿ. ಆಗದಿದ್ದದ್ದನ್ನು ಶಾಲೆಯಲ್ಲಿ ಮುಗಿಸುವವರೆಗೆ ಪ್ಲಾನಿನಲ್ಲಿ ಹಿಂದಕ್ಕೆ ಇಡುತ್ತೇನೆ, ಅರ್ಥವಾಗದ್ದನ್ನು ಮುಂದಕ್ಕೆ ತರುತ್ತೇನೆ. ಪೂರ್ವಸಿದ್ಧತಾ ಪರೀಕ್ಷೆ ಯಾವತ್ತಿನಿಂದ ಎಂಬುದನ್ನೂ ಬರೆ. ಆ ವಾರ ಹೊಸ ಅಧ್ಯಾಯ ಇಡುವುದಿಲ್ಲ.

ಎರಡನೆಯದು, ನಿನಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು. ಇಲ್ಲೇ ಹೆಚ್ಚಿನ ಮಕ್ಕಳು ಎಡವುತ್ತಾರೆ. ‘ಗಣಿತ ಕಷ್ಟ’ ಎಂದು ಬರೆಯುತ್ತಾರೆ. ಗಣಿತದಲ್ಲಿ 14 ಅಧ್ಯಾಯ ಇವೆ, ಹದಿನಾಲ್ಕೂ ಕಷ್ಟವಾಗಿರಲಾರವು. ಓದಿದ್ದನ್ನು ನೋಡಿದಾಗ ‘ಗೊತ್ತು’ ಅನ್ನಿಸುವುದನ್ನೂ ನಂಬಬೇಡ, ಪುಸ್ತಕ ತೆರೆದಿದ್ದಾಗ ಎಲ್ಲವೂ ಗೊತ್ತೇ. ಹೀಗೆ ಮಾಡು: ಪ್ರತಿ ಅಧ್ಯಾಯದ ಅಭ್ಯಾಸದಿಂದ ಎರಡು ಲೆಕ್ಕ ಆರಿಸಿ ಬರೆದುಕೋ, ಪುಸ್ತಕ ಮುಚ್ಚು, ಹತ್ತು ನಿಮಿಷ ಕೊಡು. ಎರಡೂ ಬಂದರೆ ‘ಎ’, ಒಂದು ಬಂದರೆ ‘ಬಿ’, ಎರಡೂ ನಿಂತುಹೋದರೆ ‘ಸಿ’. ನಿಂತದ್ದು ಎಲ್ಲಿ ಎಂದು ಪಕ್ಕದಲ್ಲಿ ಒಂದೇ ಸಾಲು ಬರೆ: ಸೂತ್ರ ಮರೆತೆ, ಸೂತ್ರ ಗೊತ್ತಿತ್ತು ಆದರೆ ಲೆಕ್ಕ ತಪ್ಪಿತು, ಪ್ರಶ್ನೆಯೇ ಅರ್ಥವಾಗಲಿಲ್ಲ. ಮೂರಕ್ಕೂ ಅಭ್ಯಾಸ ಬೇರೆ. ಕೂಡಿಸಿ ಕಳೆಯುವಾಗ ಚಿಹ್ನೆ ತಪ್ಪುವ ಹುಡುಗಿಗೆ ಸೂತ್ರ ಉರು ಹೊಡೆಸಿ ಪ್ರಯೋಜನವಿಲ್ಲ.

ವಿಜ್ಞಾನವನ್ನು ಒಂದೇ ವಿಷಯ ಎಂದು ಲೆಕ್ಕ ಹಾಕಬೇಡ. ಸಮೀಕರಣ ಸರಿದೂಗಿಸುವುದು, ಬೆಳಕಿನ ರೇಖಾಚಿತ್ರ, ವಿದ್ಯುತ್ತಿನ ಲೆಕ್ಕ, ಜೀವಶಾಸ್ತ್ರದ ಚಿತ್ರ ಬಿಡಿಸಿ ಭಾಗ ಗುರುತಿಸುವುದು, ಈ ನಾಲ್ಕಕ್ಕೂ ಬೇರೆ ಬೇರೆಯಾಗಿ ಎ, ಬಿ, ಸಿ ಹಾಕು. ಸಮಾಜದಲ್ಲೂ ಇತಿಹಾಸದಿಂದ ವ್ಯವಹಾರ ಅಧ್ಯಯನದವರೆಗೆ ಆರು ಭಾಗ ಇವೆ, ಹಾಗೇ ಮಾಡು. ಭಾಷೆಗಳಿಗೆ ಕಳೆದ ಪರೀಕ್ಷೆಯ ಉತ್ತರಪತ್ರಿಕೆ ಸಾಕು, ಅಂಕ ಎಲ್ಲಿ ಹೋಯಿತು ಎಂದು ನಾನೇ ನೋಡುತ್ತೇನೆ.

ಮೂರನೆಯದು ಸಮಯ. ದಿನಕ್ಕೆ ಎಷ್ಟು ಗಂಟೆ ಓದಬೇಕೆಂದು ಆಸೆ ಇದೆ ಎಂದು ಕೇಳುತ್ತಿಲ್ಲ, ಎಷ್ಟು ಸಿಗುತ್ತದೆ ಎಂದು ಕೇಳುತ್ತಿದ್ದೇನೆ. ಎಷ್ಟಕ್ಕೆ ಏಳುತ್ತೀಯ, ಬಸ್ ಎಷ್ಟು ಹೊತ್ತಿಗೆ, ವಿಶೇಷ ತರಗತಿ ಮುಗಿಸಿ ಮನೆಗೆ ಬರುವುದು ಎಷ್ಟಕ್ಕೆ, ಮನೆಗೆಲಸ ಎಷ್ಟು ಹೊತ್ತು, ಕರೆಂಟ್ ಹೋಗುವ ಹೊತ್ತು ಯಾವುದು, ಭಾನುವಾರ ಹೊಲಕ್ಕೋ ಅಂಗಡಿಗೋ ಹೋಗಬೇಕಾ? ಮುಚ್ಚಿಡದೆ ಬರೆ. ಏಳು ಗಂಟೆ ನಿದ್ದೆ ಕಳೆದು ಉಳಿದದ್ದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಇದನ್ನು ಯಾಕೆ ಇಷ್ಟು ಕೆದಕುತ್ತೇನೆ ಎಂದರೆ, 60 ದಿನದಲ್ಲಿ ಕೊನೆಯ 10 ದಿನ ಪುನರಾವರ್ತನೆಗೆ, ಪೂರ್ವಸಿದ್ಧತಾ ಪರೀಕ್ಷೆಗೆ ಸುಮಾರು 7 ದಿನ ತೆಗೆದರೆ ಉಳಿಯುವುದು 43. ದಿನಕ್ಕೆ ಮೂರು ಗಂಟೆ ಸಿಕ್ಕರೆ 129 ಗಂಟೆ, ಐದು ಸಿಕ್ಕರೆ 215. ಇವೆರಡೂ ಒಂದೇ ಪ್ಲಾನ್ ಆಗಲಾರವು. 129 ಇದ್ದರೆ ಗಣಿತಕ್ಕೆ 40, ವಿಜ್ಞಾನಕ್ಕೆ 35, ಸಮಾಜಕ್ಕೆ 28, ಮೂರು ಭಾಷೆಗೆ 26 ಎಂದು ಶುರುಮಾಡಿ ನಿನ್ನ ಎ, ಬಿ, ಸಿ ನೋಡಿ ಅತ್ತಿತ್ತ ಮಾಡುತ್ತೇನೆ. ಆಗ ‘ಸಿ’ ಬಂದ ಎಲ್ಲ ಅಧ್ಯಾಯಕ್ಕೂ ಸಮಯ ಸಾಲುವುದಿಲ್ಲ, ‘ಬಿ’ಗಳನ್ನು ‘ಎ’ ಮಾಡುವುದಕ್ಕೆ ಮೊದಲ ಮಣೆ. 215 ಇದ್ದರೆ ವಾರಕ್ಕೊಂದು ಪೂರ್ತಿ ಪ್ರಶ್ನೆಪತ್ರಿಕೆಯನ್ನು ಮೂರು ಗಂಟೆ ಕೂತು ಬರೆಯಲೂ ಜಾಗ ಸಿಗುತ್ತದೆ. ನಿನಗೆ ಬೇಕಾದದ್ದು ಪಾಸಾ, 85 ಪ್ರತಿಶತವಾ ಎಂಬುದನ್ನೂ ಸಂಕೋಚವಿಲ್ಲದೆ ತಿಳಿಸು.

ಉತ್ತರ ಬರೆಯುವವರೆಗೆ ಸುಮ್ಮನೆ ಕೂರಬೇಡ, ಮೂರು ದಿನಕ್ಕೆ ಇಷ್ಟು ಮಾಡು.

ಮಂಗಳವಾರ: ಸಮಾಂತರ ಶ್ರೇಢಿ. aₙ = a + (n − 1)d ಮತ್ತು Sₙ = n/2 [2a + (n − 1)d], ಎರಡನ್ನೂ ಬಳಸಿ ಆರು ಲೆಕ್ಕ. n ಕೇಳಿದ್ದಾರಾ, n-ನೇ ಪದ ಕೇಳಿದ್ದಾರಾ ಎಂದು ಮೊದಲು ಗೆರೆ ಎಳೆದುಕೋ, ಅಲ್ಲೇ ಗೊಂದಲವಾಗುವುದು. ಆಮೇಲೆ ಗಣಿತದ ಎ, ಬಿ, ಸಿ.

ಬುಧವಾರ: ನಿಮ್ನ ದರ್ಪಣ, ಪೀನ ಮಸೂರದ ರೇಖಾಚಿತ್ರಗಳು, ಪೆನ್ಸಿಲ್ ಮತ್ತು ಸ್ಕೇಲ್ ಹಿಡಿದು. ಬಾಣದ ಗುರುತು ಬಿಡಬೇಡ. ಆಮೇಲೆ ವಿಜ್ಞಾನದ ಎ, ಬಿ, ಸಿ.

ಗುರುವಾರ: ಭಾರತದ ನಕ್ಷೆಯನ್ನು ನೋಡದೆ ಎರಡು ಸಲ ಬಿಡಿಸು. ಆಮೇಲೆ ಸಮಾಜದ ಆರು ಭಾಗ.

ಮೂರೂ ದಿನ ಓದಲು ಕೂತ ಹೊತ್ತು, ಎದ್ದ ಹೊತ್ತು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡು. ನಡುವೆ ಎದ್ದು ಹೋದದ್ದನ್ನೂ ಬರೆ. ಮೂರನೇ ಪ್ರಶ್ನೆಗೆ ಆ ಪುಟವೇ ಉತ್ತರ.

ಗುರುವಾರ ರಾತ್ರಿ 9ರೊಳಗೆ ಪರಿವಿಡಿಯ ಫೋಟೋಗಳು, ಎ, ಬಿ, ಸಿ ಪಟ್ಟಿ, ಉತ್ತರಪತ್ರಿಕೆ, ಆ ಕೊನೆಯ ಪುಟ ಇಷ್ಟನ್ನೂ ಕಳುಹಿಸು. ಶನಿವಾರ ಬೆಳಿಗ್ಗೆ ಮೊದಲ ಎರಡು ವಾರದ ಪ್ಲಾನ್ ಕೊಡುತ್ತೇನೆ. ಎಂಟು ವಾರದ್ದನ್ನೂ ಒಟ್ಟಿಗೆ ಕೊಡುವುದಿಲ್ಲ, ಮೊದಲ ಎರಡು ವಾರ ಹೇಗೆ ಹೋಯಿತು ಎಂದು ನೋಡಿಯೇ ಮುಂದಿನದು.