ವಸುಧಾ, ಆಪ್ತ ಸಮಾಲೋಚಕಿ, ಧಾರವಾಡ

ನಮಸ್ಕಾರ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಎಂ.ಎಸ್ಸಿ. ಓದಿ, ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಎಂಟು ವರ್ಷ ವಿದ್ಯಾರ್ಥಿಗಳ ಸಮಾಲೋಚಕಿಯಾಗಿದ್ದೆ. 2021ರಿಂದ ಸಪ್ತಾಪುರದಲ್ಲಿ ಸ್ವಂತ ಕೊಠಡಿ ಇಟ್ಟುಕೊಂಡಿದ್ದೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ ವರ್ಷಗಟ್ಟಲೆ ಪಿಜಿಯಲ್ಲೇ ಉಳಿದ ಹುಡುಗ ಹುಡುಗಿಯರು, ಮಾತು ನಿಂತುಹೋದ ದಂಪತಿ, ಮನೆಯ ಹಿರಿಯರನ್ನು ನೋಡಿಕೊಂಡು ದಣಿದವರು ಹೆಚ್ಚಾಗಿ ಬರುತ್ತಾರೆ. ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಮಾತಾಡಬಹುದು. ನಮ್ಮ ಕಡೆಯ ಮಾತಿನಲ್ಲೇ ಅತ್ತು ಹಗುರಾದರೂ ಸರಿ.

ಬಂದವರ ಅನುಭವದ ಮಾತುಗಳನ್ನು ನಾನು ಇಲ್ಲಿ ಹಾಕಿಲ್ಲ, ಹೆಸರು ಬದಲಿಸಿಯೂ ಹಾಕುವುದಿಲ್ಲ. ಧಾರವಾಡ ಸಣ್ಣ ಊರು. ಎರಡು ವಿವರ ಸಿಕ್ಕರೆ ಸಾಕು, ಜನ ಗುರುತು ಹಿಡಿಯುತ್ತಾರೆ. ಸಂತೆಯಲ್ಲೋ ಮದುವೆಮನೆಯಲ್ಲೋ ಎದುರಾದರೆ ನಾನಾಗಿ ಮಾತಾಡಿಸುವುದಿಲ್ಲ, ಸೊಕ್ಕು ಅಂದುಕೊಳ್ಳಬೇಡಿ. ನೀವು ಮಾತಾಡಿಸಿದರೆ ಖಂಡಿತ ಮಾತಾಡುತ್ತೇನೆ. ಹದಿನೆಂಟು ದಾಟಿದವರ ಫೀಯನ್ನು ಅಪ್ಪ ಅಮ್ಮ ಕಟ್ಟಿದರೂ, 'ಏನಂದಳು?' ಎಂದು ಅವರು ಫೋನ್ ಮಾಡಿದರೆ ನನ್ನಿಂದ ಉತ್ತರ ಸಿಗದು. ಚಿಕ್ಕವರಾದರೆ ಪಾಲಕರ ಒಪ್ಪಿಗೆ ಬೇಕು. ಏನನ್ನು ಅವರಿಗೆ ಹೇಳಬೇಕು, ಏನನ್ನು ಬೇಡ ಎಂಬುದನ್ನು ಮೊದಲ ದಿನವೇ ಮಗುವಿನ ಎದುರಿಗೇ ಮಾತಾಡಿಕೊಳ್ಳುತ್ತೇವೆ. ನನ್ನ ಕೆಲಸ ಸರಿದಾರಿಯಲ್ಲಿದೆಯೇ ಎಂದು ಹಿರಿಯ ಸಮಾಲೋಚಕರೊಬ್ಬರ ಜೊತೆ ಚರ್ಚಿಸುವುದುಂಟು, ನಿಮ್ಮ ಹೆಸರು, ಊರು, ಗುರುತು ತೆಗೆದು.

ಆದರೆ 'ಏನೇ ಆದರೂ ಯಾರಿಗೂ ಹೇಳುವುದಿಲ್ಲ' ಎಂದು ಆಣೆ ಮಾಡಲಾರೆ. ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯ ಎದುರಾಗಿದ್ದರೆ ಗುಟ್ಟು ಮುರಿಯಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ನ್ಯಾಯಾಲಯ ಆದೇಶಿಸಿದರೂ ಅಷ್ಟೇ. ಅಂಥ ಸಂದರ್ಭದಲ್ಲೂ ಆದಷ್ಟು ಮಟ್ಟಿಗೆ ನಿಮಗೆ ಮೊದಲು ತಿಳಿಸಿ, ಅಗತ್ಯವಿದ್ದಷ್ಟನ್ನೇ ಹೇಳುತ್ತೇನೆ.

ನಾನು ಡಾಕ್ಟರ್ ಅಲ್ಲ. ಗುಳಿಗೆ ಬರೆಯುವುದಿಲ್ಲ, ರೋಗನಿರ್ಣಯ ಮಾಡುವುದಿಲ್ಲ, ಈಗ ತೆಗೆದುಕೊಳ್ಳುತ್ತಿರುವ ಗುಳಿಗೆ ನಿಲ್ಲಿಸಿ ಎಂದೂ ಹೇಳುವುದಿಲ್ಲ. ಔಷಧ ಬೇಕಾಗಬಹುದು ಅನಿಸಿದರೆ ಇಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ನಿಮಗೆ ಅನುಕೂಲವಾದ ಮನೋವೈದ್ಯರ ಬಳಿಗೋ ಹೋಗಲು ಹೇಳುತ್ತೇನೆ. ಅದರ ಜೊತೆಗೆ ನಮ್ಮ ಮಾತುಕತೆಯೂ ಮುಂದುವರಿಯಬಹುದು. ಡೈವೋರ್ಸ್ ಕೊಡಲೋ ಬೇಡವೋ ಎಂಬ ತೀರ್ಪು ನನ್ನದಲ್ಲ. ಇಷ್ಟು ಸಲ ಬಂದರೆ ವಾಸಿ ಎಂಬ ಭರವಸೆಯನ್ನೂ ಕೊಡುವುದಿಲ್ಲ. ಬಂಧುಗಳನ್ನು, ಸ್ನೇಹಿತರನ್ನು ನೋಡುವುದಿಲ್ಲ, ಬೇರೆಯವರ ಹತ್ತಿರ ಕಳಿಸುತ್ತೇನೆ. ನನ್ನ ಜೊತೆ ಹೊಂದಿಕೆಯಾಗದಿದ್ದರೆ ನೀವೂ ಧಾರಾಳವಾಗಿ ಹೇಳಿ, ಬೇಜಾರಿಲ್ಲ.

ರಾತ್ರಿಹೊತ್ತು ನನ್ನ ಫೋನ್ ಬಂದ್ ಇರುತ್ತದೆ. ಬದುಕೇ ಬೇಡ ಅನ್ನಿಸುವ ಹೊತ್ತಿನಲ್ಲಿ ನನಗಾಗಿ ಕಾಯಬೇಡಿ: ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತುರ್ತಿದ್ದರೆ 112.

ಸೋಮವಾರದಿಂದ ಶನಿವಾರದವರೆಗೆ, ಬೆಳಿಗ್ಗೆ 10ರಿಂದ ಸಂಜೆ 6. ಐವತ್ತು ನಿಮಿಷಕ್ಕೆ 700 ರೂಪಾಯಿ, ವಿದ್ಯಾರ್ಥಿಗಳಿಗೆ 300. ವೀಡಿಯೊ ಕರೆಯಲ್ಲೂ ಆಗುತ್ತದೆ. ಮೊದಲ ಸಂದೇಶದಲ್ಲಿ ಸಮಸ್ಯೆ ಬರೆಯಬೇಕಿಲ್ಲ; ಹೆಸರು, ನಿಮಗೆ ಅನುಕೂಲದ ಹೊತ್ತು, ನಾನು ತಿರುಗಿ ಕರೆ ಮಾಡಿದರೆ ಮನೆಯಲ್ಲಿ ತೊಂದರೆಯಾಗದೇ ಎಂಬುದು, ಇಷ್ಟು ತಿಳಿಸಿ.