ಕೊಣಾಜೆಯ ವಿಕಿರಣ ಪ್ರಯೋಗಾಲಯ ಭೇಟಿ: ಒಂಬತ್ತನೇ ತರಗತಿ ಪೋಷಕರಿಗೆ ಪತ್ರ

ಬಂಟ್ವಾಳ
7 ಜನವರಿ 2026

ಇವರಿಗೆ,
ಒಂಬತ್ತನೇ ತರಗತಿ ಮಕ್ಕಳ ಪೋಷಕರು

ವಿಷಯ: ಜನವರಿ 23ರ ಪ್ರಯೋಗಾಲಯ ಭೇಟಿ ಮತ್ತು ಮಕ್ಕಳ ಸುರಕ್ಷತೆ

ಪ್ರಿಯ ಪೋಷಕರೇ, ನಮಸ್ಕಾರ.

ಜನವರಿ 23ರ ಶುಕ್ರವಾರ ಒಂಬತ್ತನೇ ತರಗತಿಯ 34 ಮಕ್ಕಳನ್ನು ಕೊಣಾಜೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಅಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಪರಿಸರ ವಿಕಿರಣ ಪ್ರಯೋಗಾಲಯವನ್ನು ನೋಡುವ ಕಾರ್ಯಕ್ರಮ. ಡೈರಿಯಲ್ಲಿ ಇದನ್ನು ಬರೆಸಿದ ಸಂಜೆಯಿಂದಲೇ ಫೋನ್ ಬರಲು ಶುರುವಾಯಿತು. ವಿಕಿರಣದಿಂದ ಮಕ್ಕಳಿಗೆ ಅಪಾಯ ಇಲ್ಲವೇ ಎಂದು ಕೆಲವರು ಸಿಟ್ಟಿನಲ್ಲೇ ಕೇಳಿದಿರಿ. ಮಕ್ಕಳ ವಿಷಯ, ಕೇಳಲೇಬೇಕು ಅಲ್ವಾ? ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವುದಕ್ಕಿಂತ ಎಲ್ಲರಿಗೂ ಒಂದೇ ಸಲ ಬರೆಯೋಣ ಅನ್ನಿಸಿತು.

ಮೊದಲು, ಇದು ಎಂಥ ಜಾಗ ಅಂತ. ಇದು ಕೈಗಾದಂಥ ಅಣು ವಿದ್ಯುತ್ ಸ್ಥಾವರ ಅಲ್ಲ. ಇಲ್ಲಿ ರಿಯಾಕ್ಟರ್ ಇಲ್ಲ. ಇವರ ಮುಖ್ಯ ಕೆಲಸ ಮಣ್ಣು, ನೀರು, ಗಾಳಿ, ಆಹಾರದಲ್ಲಿ ಸಹಜವಾಗಿ ಎಷ್ಟು ವಿಕಿರಣ ಇದೆ ಎಂದು ಅಳೆಯುವುದು. ಉಳ್ಳಾಲದ ಕಡಲ ತೀರದ ಕೆಲವು ಕಡೆ ಮರಳಿನಲ್ಲಿ ಮೊನಜೈಟ್ ಎಂಬ ಖನಿಜ ಇದೆ, ಅದರಲ್ಲಿ ಥೋರಿಯಂ ಇದೆ, ಹಾಗಾಗಿ ಅಲ್ಲಿ ಸಹಜ ವಿಕಿರಣ ಬೇರೆ ಕಡೆಗಿಂತ ಜಾಸ್ತಿ. 1990ರ ದಶಕದಲ್ಲೇ ಇದನ್ನು ಅಳೆದು ವರದಿ ಮಾಡಿದವರು ಇದೇ ವಿಶ್ವವಿದ್ಯಾನಿಲಯದವರು. (ಗಾಬರಿ ಬೇಡ. ಕೇರಳದ ಕರುನಾಗಪಳ್ಳಿ ತೀರದಲ್ಲಿ ಇದಕ್ಕಿಂತ ಹೆಚ್ಚು ಇದೆ. ಅಲ್ಲಿನ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ ಈ ಸಹಜ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಾದದ್ದು ಕಂಡುಬಂದಿಲ್ಲ.)

ಅದೇ ಕ್ಯಾಂಪಸ್ಸಿನಲ್ಲಿ ಮೈಕ್ರೋಟ್ರಾನ್ ಎಂಬ ಎಲೆಕ್ಟ್ರಾನ್ ವೇಗವರ್ಧಕವೂ ಇದೆ. ಮಕ್ಕಳು ಅಲ್ಲಿಗೆ ಹೋಗುವುದಿಲ್ಲ. ಬಲವಾದ ವಿಕಿರಣ ಮೂಲ ಇರುವ ಯಾವ ಕೋಣೆಗೂ ಹೋಗುವುದಿಲ್ಲ. ನಾವು ನೋಡುವುದು ಅಳತೆ ಮಾಡುವ ಲ್ಯಾಬ್ ಮತ್ತು ವಿದ್ಯಾರ್ಥಿಗಳಿಗೆ ಪ್ರಯೋಗ ತೋರಿಸುವ ಕೋಣೆ, ಇವೆರಡನ್ನೇ.

ಪ್ರಯೋಗದ ಕೋಣೆಯಲ್ಲಿ ತೋರಿಸುವ ಮೂಲಗಳನ್ನು ನಾನು ಹೋಗಿ ನೋಡಿ ಬಂದಿದ್ದೇನೆ. ಎರಡೂವರೆ ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಬಿಲ್ಲೆ. ನಡುವೆ ಸೀಸಿಯಂ-137 ಎಂಬ ವಿಕಿರಣಶೀಲ ವಸ್ತು, ಅದೂ ಚಿಟಿಕೆಗಿಂತ ಕಡಿಮೆ, ಸುತ್ತ ಭದ್ರವಾಗಿ ಮುಚ್ಚಿದ ಪ್ಲಾಸ್ಟಿಕ್. ಸೀಸದ ಡಬ್ಬಿಯಿಂದ ಅದನ್ನು ಇಕ್ಕಳದಲ್ಲಿ ಹಿಡಿದು ತೆಗೆಯುತ್ತಾರೆ. ತೆಗೆಯುವಾಗ ಪುಸ್ತಕದಲ್ಲಿ ಒಂದು ಸಹಿ, ವಾಪಸ್ ಇಟ್ಟಾಗ ಇನ್ನೊಂದು ಸಹಿ. ಬಿಲ್ಲೆಯನ್ನು ಮುಟ್ಟುವುದು ಲ್ಯಾಬಿನವರು ಮಾತ್ರ. ಮಕ್ಕಳು ಕನಿಷ್ಠ ಒಂದು ಮೀಟರ್ ದೂರ, ನೆಲದ ಮೇಲೆ ಎಳೆದ ಹಳದಿ ಗೆರೆಯ ಆಚೆ ನಿಲ್ಲುತ್ತಾರೆ.

ಈಗ ಲೆಕ್ಕ. ಆ ಬಿಲ್ಲೆಯ ಶಕ್ತಿ 5 ಮೈಕ್ರೋಕ್ಯೂರಿ. ಮೈಗೆ ತಾಗುವ ವಿಕಿರಣವನ್ನು ಮೈಕ್ರೋಸೀವರ್ಟ್‌ನಲ್ಲಿ ಅಳೆಯುತ್ತಾರೆ. ಒಂದು ಮೀಟರ್ ದೂರದಲ್ಲಿ ಅದರಿಂದ ಸಿಗುವುದು ಗಂಟೆಗೆ ಸುಮಾರು 0.02 ಮೈಕ್ರೋಸೀವರ್ಟ್. ಸುಮ್ನೆ ಅಂಗಳದಲ್ಲಿ ನಿಂತರೂ ನೆಲದಿಂದ, ಆಕಾಶದಿಂದ ಗಂಟೆಗೆ ಸುಮಾರು 0.1 ಬರುತ್ತದೆ. ಬಿಲ್ಲೆ ಹೊರಗಿರುವುದು ಅರ್ಧ ಗಂಟೆ. ಬೇಕಾದರೆ ಎರಡು ಗಂಟೆ ಎಂದೇ ಹಿಡಿಯಿರಿ, ಆಗಲೂ 0.04 ಆಯಿತು. ಒಂದು ಎದೆಯ ಎಕ್ಸ್-ರೇಗೆ ಕಡಿಮೆ ಅಂದರೂ 20 ಮೈಕ್ರೋಸೀವರ್ಟ್. ಅಂದರೆ ಐನೂರು ಪಟ್ಟು. ಮಂಗಳೂರಿನಿಂದ ದುಬೈಗೆ ವಿಮಾನದಲ್ಲಿ ಹೋದರೆ, ಮೇಲೆ ಗಾಳಿಯ ಪದರ ತೆಳುವಾದ್ದರಿಂದ, ಕೆಲವು ಮೈಕ್ರೋಸೀವರ್ಟ್ ಸಿಗುತ್ತದೆ. ರಜೆಗೆ ಅಪ್ಪನ ಹತ್ತಿರ ಹೋಗಿ ಬರುವ ಮಕ್ಕಳು ನಮ್ಮ ತರಗತಿಯಲ್ಲೇ ಇದ್ದಾರೆ. ಸಹಜ ವಿಕಿರಣ ಬಿಟ್ಟು ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್, ಅಂದರೆ 1000 ಮೈಕ್ರೋಸೀವರ್ಟ್ ದಾಟಬಾರದು ಎಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮ ಇದೆ.

"ಅಪಾಯ ಸೊನ್ನೆ" ಎಂದು ಬರೆದುಕೊಡಿ ಎಂದು ಒಬ್ಬರು ಕೇಳಿದರು. ಅದನ್ನು ಬರೆದುಕೊಡಲಾರೆ. ಎಷ್ಟೇ ಕಡಿಮೆ ಡೋಸ್ ಆದರೂ ಅದಕ್ಕೆ ತಕ್ಕ ಸಣ್ಣ ಅಪಾಯ ಇದೆ ಎಂದೇ ಹಿಡಿದು ಈ ಕ್ಷೇತ್ರದವರು ನಿಯಮ ಮಾಡುತ್ತಾರೆ. ಅದಕ್ಕೇ ಸುಮ್ಮನೆ ಹತ್ತಿರ ನಿಲ್ಲಿಸುವುದಿಲ್ಲ, ಬೇಡದ ಹೊತ್ತಿನಲ್ಲಿ ಬಿಲ್ಲೆ ಹೊರಗೆ ಇಡುವುದಿಲ್ಲ. ಆದರೆ ಇಲ್ಲಿ ಮಾತಾಡುತ್ತಿರುವ ಪ್ರಮಾಣ, ಒಂದು ಊರಿನಿಂದ ಇನ್ನೊಂದು ಊರಿಗೆ ಮನೆ ಬದಲಾಯಿಸಿದಾಗ ಆಗುವ ವ್ಯತ್ಯಾಸಕ್ಕಿಂತ ಎಷ್ಟೋ ಕಡಿಮೆ.

ಬಟ್ಟೆಗೆ, ಮೈಗೆ ಅಂಟಿಕೊಂಡು ಮನೆಗೆ ಬರುತ್ತದಾ? ಮನೆಯಲ್ಲಿ ಪುಟ್ಟ ಮಗು ಇದೆ. ಅತಿ ಹೆಚ್ಚು ಜನ ಕೇಳಿದ್ದು ಇದನ್ನೇ. ಇಲ್ಲ, ಬರುವುದಿಲ್ಲ. ಟಾರ್ಚ್ ಬೆಳಕು ಮೈಮೇಲೆ ಬಿದ್ದ ಮಾತ್ರಕ್ಕೆ ಆರಿಸಿದ ಮೇಲೆ ಮೈ ಹೊಳೆಯುತ್ತಾ ಇರುವುದಿಲ್ಲವಲ್ಲ, ಹಾಗೆ. ಅಂಟಿಕೊಳ್ಳಬೇಕಾದರೆ ವಿಕಿರಣ ಕೊಡುವ ಪುಡಿಯೋ ದ್ರವವೋ ನಮ್ಮ ಮೇಲೆ ಬೀಳಬೇಕು. ಮುಚ್ಚಿದ ಬಿಲ್ಲೆಯಿಂದ ಅದು ಬೀಳುವುದಿಲ್ಲ. ಪುಡಿ, ದ್ರವ ಬಳಸುವ ಟೇಬಲ್‌ಗಳ ಕಡೆಗೆ ನಾವು ಹೋಗುವುದಿಲ್ಲ. ಹಾಗಿದ್ದರೂ ಲ್ಯಾಬಿನೊಳಗೆ ಏನನ್ನೂ ತಿನ್ನುವಂತಿಲ್ಲ, ನೀರನ್ನೂ ಕುಡಿಯುವಂತಿಲ್ಲ. ಹೊರಗೆ ಬಂದು ಸಾಬೂನಿನಿಂದ ಕೈ ತೊಳೆದ ಮೇಲೆಯೇ ಬುತ್ತಿ ಬಿಚ್ಚುವುದು. ಅಲ್ಲಿ ಸೀಸದ ಇಟ್ಟಿಗೆಗಳಿವೆ. ಸೀಸ ಹೊಟ್ಟೆಗೆ ಹೋಗಬಾರದು. ನಿಜ ಹೇಳಬೇಕೆಂದರೆ ಕೈ ತೊಳೆಸುವುದಕ್ಕೆ ನನ್ನ ಮಟ್ಟಿಗೆ ದೊಡ್ಡ ಕಾರಣ ಅದೇ.

ಒಬ್ಬರು ಅಜ್ಜಿ ಶಾಲೆಗೇ ಬಂದು, "ಹೆಣ್ಣುಮಗು ಟೀಚರ್, ನಾಳೆ ಮದುವೆ ಆಗಿ ಮಕ್ಕಳಾಗಬೇಕು" ಎಂದರು. ಮನಸ್ಸಿನಲ್ಲಿಟ್ಟುಕೊಂಡು ಹೇಳದೇ ಇರುವವರೂ ಇರಬಹುದು. ಮಕ್ಕಳಾಗುವ ಶಕ್ತಿಗೆ ಪೆಟ್ಟು ಬೀಳಬೇಕಾದರೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೊಡುವಂಥ, ನೂರಾರು ಸಾವಿರಾರು ಮಿಲಿಸೀವರ್ಟ್ ಲೆಕ್ಕದ ಡೋಸ್ ಬೇಕು. ನಮ್ಮದು ಮಿಲಿಸೀವರ್ಟಿನ ಹತ್ತು ಸಾವಿರದಲ್ಲಿ ಒಂದು ಭಾಗವೂ ಅಲ್ಲ. ಅಂದ ಹಾಗೆ ಈ ಪ್ರಶ್ನೆಯನ್ನು ಗಂಡುಮಕ್ಕಳ ಬಗ್ಗೆ ಯಾರೂ ಕೇಳಲಿಲ್ಲ. ಅವರ ಮನೆಯವರಿಗೂ ಇದೇ ಉತ್ತರ.

ದೆಹಲಿಯ ಮಾಯಾಪುರಿಯ ಸಂಗತಿಯನ್ನು ನೆನಪಿಸಿದ ತಂದೆಯೊಬ್ಬರಿಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. 2010ರಲ್ಲಿ ಅಲ್ಲಿನ ಒಂದು ವಿಶ್ವವಿದ್ಯಾನಿಲಯ ತನ್ನ ಹಳೆಯ ಗ್ಯಾಮಾ ಯಂತ್ರವನ್ನು ಗುಜರಿಗೆ ಮಾರಿತು. ಒಳಗೆ ಕೋಬಾಲ್ಟ್-60 ಎಂಬ ವಿಕಿರಣಶೀಲ ವಸ್ತು ಇರುವುದು ಗುಜರಿಯವರಿಗೆ ಗೊತ್ತಿರಲಿಲ್ಲ. ಒಡೆದು ಬಿಡಿಸಿದರು. ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಅದು ನಡೆದ ಸಂಗತಿ, ಮುಚ್ಚಿಡುವುದಕ್ಕಾಗುವುದಿಲ್ಲ. ನನ್ನ ಪ್ರಕಾರ ಕ್ಷಮಿಸುವಂಥದ್ದೂ ಅಲ್ಲ. ಆ ಮೂಲ ಕ್ಯೂರಿ ಲೆಕ್ಕದ್ದು, ನಮ್ಮ ಬಿಲ್ಲೆ ಮೈಕ್ರೋಕ್ಯೂರಿ ಲೆಕ್ಕದ್ದು. ಮೈಕ್ರೋ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಲೆಕ್ಕ ಇಡುವವರೇ ಇರಲಿಲ್ಲ. ಆ ಎರಡು ಸಹಿಯ ಪುಸ್ತಕವನ್ನು ಮಕ್ಕಳಿಗೂ ತೋರಿಸಿ ಎಂದು ನಾನು ಲ್ಯಾಬಿನವರಲ್ಲಿ ಕೇಳಿಕೊಂಡದ್ದು ಇದಕ್ಕೇ.

ಇನ್ನು, ಮಕ್ಕಳಿಗೆ ಅಯೋಡಿನ್ ಮಾತ್ರೆ ಕೊಡಿ ಎಂದು ಗ್ರೂಪಿನಲ್ಲಿ ಓಡಾಡುತ್ತಿರುವ ಮೆಸೇಜ್. ದಯವಿಟ್ಟು ಕೊಡಬೇಡಿ. ಅದು ರಿಯಾಕ್ಟರ್ ಅಪಘಾತದಲ್ಲಿ ವಿಕಿರಣಶೀಲ ಅಯೋಡಿನ್ ಗಾಳಿಗೆ ಸೇರಿದಾಗ, ಸರಕಾರ ಹೇಳಿದರೆ ಮಾತ್ರ ತೆಗೆದುಕೊಳ್ಳುವುದು. ಇಲ್ಲಿ ಅದರಿಂದ ಪ್ರಯೋಜನ ಇಲ್ಲ, ಥೈರಾಯ್ಡ್ ತೊಂದರೆ ಇದ್ದವರಿಗೆ ಕೆಟ್ಟದ್ದೂ ಆಗಬಹುದು.

ಮಕ್ಕಳು ಅಲ್ಲಿ ಮಾಡುವುದೇನು? ಒಂಬತ್ತನೇ ತರಗತಿಯ ಪರಮಾಣು ಪಾಠದ ಕೊನೆಯಲ್ಲಿ ಐಸೋಟೋಪ್‌ಗಳ ಉಪಯೋಗ ಎಂದು ಮೂರು ಸಾಲು ಬರುತ್ತದೆ. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಅಷ್ಟಕ್ಕೇ ಮುಗಿಯಿತು. ಕಳೆದ ತಿಂಗಳು ನಮ್ಮ ಶಾಲೆಯ ಅಂಗಳದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು ಒಂದು ಡಬ್ಬಿಯಲ್ಲಿ ಕಳಿಸಿದ್ದು ನಿಮಗೆ ನೆನಪಿರಬಹುದು. ಅದನ್ನು ಗಾಳಿಯಾಡದಂತೆ ಮುಚ್ಚಿ ಸುಮಾರು ಒಂದು ತಿಂಗಳು ಇಟ್ಟಿದ್ದಾರೆ. ಮಣ್ಣಿನಿಂದ ಹೊರಡುವ ರೇಡಾನ್ ಅನಿಲ ಒಳಗೇ ಉಳಿದು ಸಮತೋಲಕ್ಕೆ ಬರಲಿ ಎಂದು. ಆ ದಿನ ಅದರ ಅಳತೆ ಮಕ್ಕಳ ಮುಂದೆ ಪರದೆಯ ಮೇಲೆ ಮೂಡುತ್ತದೆ. ಕೆಇವಿ ಎಂಬ ಶಕ್ತಿಯ ಅಳತೆಯಲ್ಲಿ 1461ರ ಹತ್ತಿರ ಒಂದು ಚೂಪಾದ ಶಿಖರ ಕಾಣಬೇಕು. ಅದು ಪೊಟ್ಯಾಸಿಯಂ-40. ನಮ್ಮ ಮಣ್ಣಿನಲ್ಲಿ, ಬಾಳೆಹಣ್ಣಿನಲ್ಲಿ, ನಿಮ್ಮ ನನ್ನ ಮೈಯಲ್ಲಿ ಎಲ್ಲ ಕಡೆ ಇರುವ ವಸ್ತು. ದೊಡ್ಡವರ ಮೈಯಲ್ಲಿ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಪೊಟ್ಯಾಸಿಯಂ-40 ಪರಮಾಣುಗಳು ಒಡೆಯುತ್ತಲೇ ಇರುತ್ತವೆ.

ಯಾರ ಮನೆಯ ಅಟ್ಟದಲ್ಲಾದರೂ ಪೆಟ್ರೋಮ್ಯಾಕ್ಸ್ ದೀಪದ ಹಳೆಯ ಮ್ಯಾಂಟಲ್ ಪ್ಯಾಕೆಟ್, ಒಡೆಯದೇ ಇರುವುದು ಇದ್ದರೆ, ನೀವೇ ಶಾಲೆಗೆ ತಂದುಕೊಡಿ. ಪ್ಯಾಕೆಟ್ ಬಿಚ್ಚಬೇಡಿ. ಯಕ್ಷಗಾನಕ್ಕೆ, ಮದುವೆಗೆ ಉರಿಸುತ್ತಿದ್ದ ಆ ಮ್ಯಾಂಟಲ್‌ಗಳನ್ನು ಥೋರಿಯಂ ಉಪ್ಪಿನಲ್ಲಿ ಅದ್ದಿರುತ್ತಿದ್ದರು. ವಿಕಿರಣ ಪತ್ತೆ ಮಾಡುವ ಗೀಗರ್ ಕೌಂಟರ್ ಹತ್ತಿರ ಹಿಡಿದರೆ ಟಿಕ್ ಟಿಕ್ ಸದ್ದು ಒಮ್ಮೆಲೇ ಜೋರಾಗುತ್ತದೆ.

ಈ ಪ್ರವಾಸದಲ್ಲಿ ನನಗೆ ನಿಜವಾಗಿ ಚಿಂತೆ ಇರುವುದು ಎರಡು ವಿಷಯಕ್ಕೆ. ಒಂದು, ಮೇಲ್ಕಾರ್–ಮುಡಿಪು ರಸ್ತೆಯ ತಿರುವುಗಳು. ಹಾಗಾಗಿ ಒಂದೇ ಬಸ್, ಸೀಟಿಗೊಂದೇ ಮಗು, ಬಾಗಿಲಲ್ಲಿ ನಿಲ್ಲುವಂತಿಲ್ಲ. ಎರಡು, ಮಣ್ಣು ಅಳೆಯುವ ಯಂತ್ರವನ್ನು ತಣ್ಣಗಿಡಲು ಬಳಸುವ ದ್ರವ ಸಾರಜನಕ. ಅದು ಮೈನಸ್ 196 ಡಿಗ್ರಿ. ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೇ ಗಾಯ ಆಗುತ್ತದೆ. ನಾವು ಒಳಗಿರುವಾಗ ಅದನ್ನು ಸುರಿಯುವುದಿಲ್ಲ ಎಂದು ಲ್ಯಾಬಿನವರು ಒಪ್ಪಿದ್ದಾರೆ. ಮಕ್ಕಳಿಗೆ ಬೇಸರ ಆಗುತ್ತದೆ, ಆಗಲಿ.

ಬಸ್ ಬೆಳಿಗ್ಗೆ 9 ಗಂಟೆಗೆ ಶಾಲೆಯಿಂದ ಹೊರಟು ಸಂಜೆ 4ರೊಳಗೆ ವಾಪಸ್. ಜೊತೆಗೆ ನಾನು, ಗಣಿತದ ಸರ್, ಪಿಟಿ ಟೀಚರ್, ಅಲ್ಲದೆ ಪೋಷಕರಲ್ಲಿ ಇಬ್ಬರು. ಬರುವ ಮನಸ್ಸಿರುವವರು ಹೆಸರು ಕೊಡಿ. ಒಳಗೆ ಹನ್ನೆರಡು ಮಕ್ಕಳಿಗಿಂತ ಜಾಸ್ತಿ ಒಟ್ಟಿಗೆ ಹೋಗುವುದಿಲ್ಲ. ಪ್ರತಿ ಗುಂಪಿನ ಜೊತೆ ನಮ್ಮವರೊಬ್ಬರು, ಲ್ಯಾಬಿನ ವಿಕಿರಣ ಸುರಕ್ಷತಾಧಿಕಾರಿ ಒಬ್ಬರು ಇರುತ್ತಾರೆ. ಪ್ರತಿ ಗುಂಪಿನ ಟೀಚರ್ ಜೇಬಿನಲ್ಲಿ ಡೋಸ್ ಅಳೆಯುವ ಸಣ್ಣ ಮೀಟರ್ ಇರುತ್ತದೆ. ಒಳಗೆ ಹೋಗುವಾಗಿನ ಮತ್ತು ಹೊರಗೆ ಬಂದಾಗಿನ ಅಂಕಿಯನ್ನು ಅವತ್ತೇ ಸಂಜೆ ಗ್ರೂಪಿಗೆ ಹಾಕುತ್ತೇನೆ. ಸೊನ್ನೆ ಬರಬಹುದು, ಒಂದು ಬರಬಹುದು.

ಮುಚ್ಚಿದ ಬೂಟು, ಕಟ್ಟಿದ ಕೂದಲು, ಬುತ್ತಿ, ನೀರಿನ ಬಾಟಲಿ. ಮೊಬೈಲ್ ಬೇಡ. ಇತ್ತೀಚೆಗೆ ನಿಮ್ಮ ಮಗುವಿಗೆ ಥೈರಾಯ್ಡ್ ಸ್ಕ್ಯಾನ್, ಮೂಳೆ ಸ್ಕ್ಯಾನ್ ಮುಂತಾದ್ದು, ಇಂಜೆಕ್ಷನ್ ಕೊಟ್ಟು ಮಾಡುವಂಥದ್ದು, ಆಗಿದ್ದರೆ ನನಗೊಬ್ಬಳಿಗೇ ಹೇಳಿ. ಆ ಔಷಧಿಯಿಂದ ಅಲ್ಲಿನ ಮೀಟರ್ ಕೂಗಬಹುದು, ಮಗುವಿಗೆ ಎಲ್ಲರೆದುರು ಮುಜುಗರ ಆಗುವುದು ಬೇಡ. ಜೊತೆಗೆ ಬರುವ ತಾಯಂದಿರು ಗರ್ಭಿಣಿಯಾಗಿದ್ದರೆ ಪ್ರಯೋಗದ ಕೋಣೆಯೊಳಗೆ ಬರುವುದು ಬೇಡ. ಅದು ಲ್ಯಾಬಿನ ನಿಯಮ.

ಕಳಿಸಲು ಇಷ್ಟವಿಲ್ಲದಿದ್ದರೆ ಕಾರಣ ಕೇಳುವುದಿಲ್ಲ, ಅಂಕ ಕಡಿತವಿಲ್ಲ. ಆ ಮಕ್ಕಳು ಶಾಲೆಯಲ್ಲೇ ಇದ್ದು, ನಾವು ತರುವ ಮಣ್ಣಿನ ಅಂಕಿಗಳಿಂದ ನಕ್ಷೆ ಬರೆಯುವ ಕೆಲಸವನ್ನು ಮುಂದಿನ ವಾರ ಎಲ್ಲರ ಜೊತೆ ಮಾಡುತ್ತಾರೆ.

ಜನವರಿ 17ರ ಶನಿವಾರ ಬೆಳಿಗ್ಗೆ 11.30ಕ್ಕೆ ವಿಜ್ಞಾನ ಕೋಣೆಯಲ್ಲಿ ಕುಳಿತು ಮಾತಾಡೋಣ. ಲ್ಯಾಬಿನ ಸುರಕ್ಷತಾಧಿಕಾರಿಯೂ ಬರುತ್ತಾರೆ. ನನಗೆ ಕೇಳಲು ಸಂಕೋಚ ಇದ್ದರೆ ಅವರಿಗೇ ಕೇಳಿ. ಇದರ ಜೊತೆ ಇರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ 19ರ ಸೋಮವಾರದೊಳಗೆ ಮಗುವಿನ ಕೈಯಲ್ಲಿ ಕಳಿಸಿ. ಬೇಡ ಅನ್ನುವವರೂ "ಬೇಡ" ಎಂದು ಬರೆದು ಕಳಿಸಿ. ಬಸ್ಸಿನವರಿಗೆ ಲೆಕ್ಕ ಹೇಳಬೇಕು.

ಇಂತಿ ನಿಮ್ಮ ವಿಶ್ವಾಸಿ,
ಶಾಲಿನಿ ಟೀಚರ್
ವಿಜ್ಞಾನ ಶಿಕ್ಷಕಿ, ಪ್ರೌಢಶಾಲಾ ವಿಭಾಗ