ಹೊರರೋಗಿ ವಿಭಾಗದಲ್ಲಿ ಐದು ಗಂಟೆ ಕಾಯಬೇಕಾಗಿ ಬಂದ ಬಗ್ಗೆ ನಿಮ್ಮ ದೂರಿಗೆ ಉತ್ತರ

ಆಡಳಿತ ವೈದ್ಯಾಧಿಕಾರಿಗಳ ಕಚೇರಿ
ಸಾರ್ವಜನಿಕ ಆಸ್ಪತ್ರೆ, ಶಿವಮೊಗ್ಗ ಜಿಲ್ಲೆ
ದಿನಾಂಕ: 22 ಜನವರಿ 2026

ವಿಷಯ: ನಿಮ್ಮ ತಾಯಿಯವರಿಗೆ ಚಿಕಿತ್ಸೆ ತಡವಾದ ಬಗ್ಗೆ
ಉಲ್ಲೇಖ: ಜನವರಿ 16ರಂದು ನೀವು ಕಚೇರಿಗೆ ಕೊಟ್ಟ ಲಿಖಿತ ದೂರು

ಮಾನ್ಯರೇ,

ಜನವರಿ 12ರ ಸೋಮವಾರ ನಿಮ್ಮ ತಾಯಿಯವರು ನಮ್ಮ ಆಸ್ಪತ್ರೆಯಲ್ಲಿ ಬೆಳಿಗ್ಗೆ 8.40ರಿಂದ ಮಧ್ಯಾಹ್ನ 1.40ರವರೆಗೆ ಕಾದರು, ಅದೂ ಖಾಲಿ ಹೊಟ್ಟೆಯಲ್ಲಿ. ಇದಕ್ಕಾಗಿ ನಾನು ಮೊದಲು ಅವರಲ್ಲಿ, ಆಮೇಲೆ ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ. ದಯವಿಟ್ಟು ಈ ಪತ್ರವನ್ನು ಅವರಿಗೂ ಓದಿ ಹೇಳಿ.

ನೀವು ಬರೆದದ್ದನ್ನು ಟೋಕನ್ ಪುಸ್ತಕ, ಪ್ರಯೋಗಾಲಯದ ದಾಖಲೆ ಮತ್ತು ಅಂದು ಕೆಲಸದಲ್ಲಿದ್ದ ಸಿಬ್ಬಂದಿಯ ಹೇಳಿಕೆಗಳೊಂದಿಗೆ ಹೋಲಿಸಿ ನೋಡಿದ್ದೇನೆ. ನಿಮ್ಮ ಪತ್ರದಲ್ಲಿ ಉತ್ಪ್ರೇಕ್ಷೆ ಒಂದೂ ಇಲ್ಲ.

ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ತಡವಾದ ಮಾತಲ್ಲ, ಕಡುಬಿನ ಡಬ್ಬಿಯ ಮಾತು. ಮನೆಯಿಂದ ಕಟ್ಟಿ ತಂದ ಕಡುಬನ್ನು ತೊಡೆಯ ಮೇಲಿಟ್ಟುಕೊಂಡು, "ರಕ್ತ ತೆಗೆದ ಮೇಲೂ ಡಾಕ್ಟರು ನೋಡುವವರೆಗೆ ತಿನ್ನಬಾರದೇನೋ" ಎಂದು ಅವರು ಕುಳಿತೇ ಇದ್ದರು ಎಂದು ಬರೆದಿದ್ದೀರಿ. ನಮ್ಮ ದಾಖಲೆಯ ಪ್ರಕಾರ ಅವರ ರಕ್ತದ ಮಾದರಿಯನ್ನು 9.05ಕ್ಕೇ ತೆಗೆದುಕೊಳ್ಳಲಾಗಿದೆ. ಆ ಕ್ಷಣದಿಂದ ಅವರು ತಿಂಡಿ ತಿನ್ನಬಹುದಿತ್ತು, ತಿನ್ನಲೇಬೇಕಿತ್ತು. ಏಕೆಂದರೆ ಊಟದ ನಂತರದ ಸಕ್ಕರೆ ಅಂಶವನ್ನು ನೋಡುವುದು ತಿಂದು ಎರಡು ಗಂಟೆಯಾದ ಮೇಲೆ. ಒಂಬತ್ತೂಕಾಲಿಗೆ ತಿಂದಿದ್ದರೆ ಹನ್ನೊಂದೂಕಾಲಿಗೆ ಎರಡನೆಯ ಮಾದರಿಯನ್ನೂ ಕೊಟ್ಟು ಮುಗಿಸಿರುತ್ತಿದ್ದರು. ಇದನ್ನು ಅವರಿಗೆ ಹೇಳಬೇಕಾದವರು ನಾವು. ಯಾರೂ ಹೇಳಲಿಲ್ಲ. 72 ವರ್ಷದ, ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಹೆಂಗಸು ನಮ್ಮ ಕಣ್ಣೆದುರೇ ಬೆಂಚಿನ ಮೇಲೆ ಹಸಿದು ಕುಳಿತಿದ್ದರು. ಅವರು ಬೆಳಗಿನ ಮಾತ್ರೆಯನ್ನು ನುಂಗಿ ಬಂದಿದ್ದರೆ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯುವ ಸಂಭವವಿತ್ತು. ಹನ್ನೆರಡು ಗಂಟೆಯ ಹೊತ್ತಿಗೆ ಅವರ ಕೈ ನಡುಗುತ್ತಿದೆ ಎಂದು ನೀವು ಕಿಟಕಿಯ ಬಳಿ ಹೇಳಿದಾಗ ಬೆರಳ ತುದಿಯ ಒಂದು ಹನಿ ರಕ್ತ ನೋಡುವುದಕ್ಕೆ ಒಂದು ನಿಮಿಷ ಸಾಕಿತ್ತು. "ಸರದಿ ಬರುತ್ತದೆ, ಕೂತುಕೊಳ್ಳಿ" ಎಂಬ ಉತ್ತರ ಸಿಕ್ಕಿದ್ದು ನಮ್ಮ ತಪ್ಪು. ಅದಕ್ಕೆ ನಾನು ಯಾವ ಕಾರಣವನ್ನೂ ಕೊಡುವುದಿಲ್ಲ.

ವೈದ್ಯರು ಏಕೆ ಕೊಠಡಿಯಲ್ಲಿ ಇರಲಿಲ್ಲ ಎಂದು ನೀವು ಕೇಳಿದ್ದೀರಿ. ನಮ್ಮಲ್ಲಿ ಫಿಜಿಷಿಯನ್ ಹುದ್ದೆಗಳು ಎರಡು. ಒಂದು ಖಾಲಿ ಇದೆ. ಅಂದು ಹತ್ತು ಗಂಟೆಯ ಸುಮಾರಿಗೆ, ಕೊಟ್ಟಿಗೆಗೆ ದರಗು ಗುಡಿಸುವಾಗ ಹಾವು ಕಚ್ಚಿದ ಒಬ್ಬರನ್ನು ಕರೆತಂದರು. ಇದ್ದ ಒಬ್ಬ ಫಿಜಿಷಿಯನ್ ತುರ್ತು ಘಟಕಕ್ಕೆ ಓಡಿದರು. ಹಾವಿನ ವಿಷ ರಕ್ತಕ್ಕೆ ಸೇರಿದೆಯೇ ಎಂದು ತಿಳಿಯಲು ಸ್ವಲ್ಪ ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ ಹಾಕಿ, ಅಲುಗಾಡಿಸದೆ ಇಪ್ಪತ್ತು ನಿಮಿಷ ಇಡುತ್ತಾರೆ. ಆಮೇಲೆ ನಳಿಕೆಯನ್ನು ಓರೆ ಮಾಡಿದಾಗ ರಕ್ತ ಗಟ್ಟಿಯಾಗಿರಬೇಕು. ಅಂದು ಅದು ನೀರಿನಂತೆ ಹರಿಯಿತು. ಪ್ರತಿವಿಷವನ್ನು ಡ್ರಿಪ್‌ನಲ್ಲಿ ಕೊಡುವಾಗ ಮೈ ಮೇಲೆ ದದ್ದು ಏಳುವುದು, ಉಸಿರು ಕಟ್ಟುವುದು, ರಕ್ತದೊತ್ತಡ ಕುಸಿಯುವುದು ಯಾವ ನಿಮಿಷದಲ್ಲಾದರೂ ಆಗಬಹುದಾದ್ದರಿಂದ ವೈದ್ಯರು ಹಾಸಿಗೆಯ ಪಕ್ಕದಲ್ಲೇ ಇರಬೇಕು. ಅವರು 12.45ರವರೆಗೆ ಅಲ್ಲಿದ್ದರು. ಬಿಟ್ಟು ಬನ್ನಿ ಎಂದು ನಾನೂ ಹೇಳುತ್ತಿರಲಿಲ್ಲ. ಗೊತ್ತಾಗಿದ್ದರೆ ನೀವೂ ಹೇಳುತ್ತಿರಲಿಲ್ಲ. ಆದರೆ ಹೊರಗೆ ಕುಳಿತ ಅರುವತ್ತು ಎಪ್ಪತ್ತು ಜನರಿಗೆ ಈ ವಿಷಯವನ್ನು ತಿಳಿಸಲು ಒಬ್ಬರೂ ಹೊರಬರಲಿಲ್ಲ. ನೀವು ಬರೆದಂತೆ, ನಿಮಗೆ ಕಂಡದ್ದು ಖಾಲಿ ಕುರ್ಚಿ ಮತ್ತು ತಿರುಗುವ ಫ್ಯಾನು ಮಾತ್ರ.

ನಿಮ್ಮ ನಂತರದ ಟೋಕನ್‌ನವರು ಐವರು ನಿಮಗಿಂತ ಮೊದಲೇ ಒಳಗೆ ಹೋದರು ಎಂಬುದೂ ನಿಜ. ಆ ಐವರಲ್ಲಿ ನಾಲ್ವರು ಕಾಡಂಚಿನ ಊರುಗಳಿಂದ ಜ್ವರದಿಂದ ಬಂದವರು. ಅವರನ್ನು ಇನ್ನೊಬ್ಬ ವೈದ್ಯರು ನೋಡಿದರು. ಈ ತಿಂಗಳುಗಳು ಮಂಗನ ಕಾಯಿಲೆಯ ಕಾಲ ಎಂಬುದು ನಿಮಗೆ ನಾನು ಹೇಳಬೇಕಾದ ಸಂಗತಿಯಲ್ಲ. ಉಣುಗು ಕಚ್ಚಿರಬಹುದಾದವರಿಗೆ ಜ್ವರ, ಮೈಕೈ ನೋವು ಇದ್ದರೆ ತಡಮಾಡದೆ ರಕ್ತ ತೆಗೆದು ಶಿವಮೊಗ್ಗದ ಪ್ರಯೋಗಾಲಯಕ್ಕೆ ಕಳಿಸುತ್ತೇವೆ. ಅವರಿಗೆ ಸರದಿಯ ನಿಯಮ ಅನ್ವಯಿಸುವುದಿಲ್ಲ. ಐದನೆಯವರ ವಿಷಯ ಹಾಗಲ್ಲ. ಅವರು ನಮ್ಮ ಸಿಬ್ಬಂದಿಯೊಬ್ಬರ ಪರಿಚಿತರು. ಅವರಿಗೆ ತುರ್ತು ಏನೂ ಇರಲಿಲ್ಲ, ಒಳಗೆ ಬಿಡಬಾರದಿತ್ತು. ಸಂಬಂಧಪಟ್ಟ ಸಿಬ್ಬಂದಿಗೆ ಲಿಖಿತವಾಗಿ ಎಚ್ಚರಿಕೆ ಕೊಟ್ಟಿದ್ದೇನೆ.

ಕಳೆದ ಸೋಮವಾರ, 19ರಂದು, ಬೆಳಿಗ್ಗೆ ನಾನೇ ಪ್ರಯೋಗಾಲಯದ ಕಿಟಕಿಯ ಮುಂದೆ ಒಂದು ಗಂಟೆ ನಿಂತು ನೋಡಿದೆ. ಊಟದ ಬಗ್ಗೆ ಸೂಚನಾಫಲಕ ಇದ್ದದ್ದು ನಿಜ. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ನನ್ನ ತಲೆಗಿಂತ ಎತ್ತರದಲ್ಲಿ. ಅದನ್ನು ಅಂದೇ ತೆಗೆಸಿದೆ. ಈಗ ರಕ್ತ ಕೊಟ್ಟ ಪ್ರತಿಯೊಬ್ಬರಿಗೂ "ತಿಂಡಿ ತಿನ್ನಿ" ಎಂದು ಬಾಯಲ್ಲೇ ಹೇಳಿ, ಮತ್ತೆ ಎಷ್ಟು ಗಂಟೆಗೆ ಬರಬೇಕು ಎಂಬುದನ್ನು ಕನ್ನಡದಲ್ಲಿ ಬರೆದ ಚೀಟಿ ಕೊಡುತ್ತಿದ್ದೇವೆ. ವೈದ್ಯರು ತುರ್ತು ಘಟಕಕ್ಕೆ ಹೋದರೆ ಹತ್ತು ನಿಮಿಷದೊಳಗೆ ಶುಶ್ರೂಷಾಧಿಕಾರಿ ಹೊರಬಂದು ಕಾರಣವನ್ನೂ ಅಂದಾಜು ಸಮಯವನ್ನೂ ಹೇಳಬೇಕು, ಬಸ್ ಹಿಡಿಯಬೇಕಾದವರು ಯಾರಿದ್ದಾರೆ ಎಂದು ಕೇಳಬೇಕು. ಕಾಯುತ್ತಿರುವ ಸಕ್ಕರೆ ಕಾಯಿಲೆಯವರು ತಲೆಸುತ್ತು, ನಡುಕ, ಬೆವರು ಎಂದರೆ ಟೋಕನ್ ಕೇಳದೆ ಮೊದಲು ಪರೀಕ್ಷಿಸಬೇಕು. ಈ ಮೂರಕ್ಕೂ ನಾನೇ ಹೊಣೆ.

ಖಾಲಿ ಹುದ್ದೆ ಭರ್ತಿ ಮಾಡುವ ಅಧಿಕಾರ ನನಗಿಲ್ಲ. ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಮತ್ತೆ ಬರೆದಿದ್ದೇನೆ, ನಿಮ್ಮ ದೂರಿನ ಪ್ರತಿಯನ್ನೂ ಲಗತ್ತಿಸಿದ್ದೇನೆ. ಅಲ್ಲಿಯವರೆಗೆ ಸೋಮವಾರಗಳಲ್ಲಿ ಕಾಯುವುದು ಪೂರ್ತಿ ತಪ್ಪುತ್ತದೆ ಎಂದು ಮಾತು ಕೊಡಲಾರೆ. ಎರಡು ಗಂಟೆಯ ಬಸ್ ತಪ್ಪಿ ಆಟೊಗೆ ಕೊಟ್ಟ 650 ರೂಪಾಯಿಯನ್ನು ಮರಳಿಸಲು ನಮ್ಮಲ್ಲಿ ಅವಕಾಶವಿಲ್ಲ. ಇದನ್ನು ಬರೆಯಲು ಬೇಸರವಾಗುತ್ತದೆ.

ತಾಯಿಯವರ ಮುಂದಿನ ಪರೀಕ್ಷೆಗೆ ಸೋಮವಾರ ಬೇಡ. ಫೆಬ್ರವರಿ 5ರ ಗುರುವಾರ ಹತ್ತು ಗಂಟೆಗೆ ಅವರ ಹೆಸರನ್ನು ಬರೆಸಿದ್ದೇನೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡುತ್ತೇವೆ. ಅದಕ್ಕೆ ಉಪವಾಸ ಬೇಕಿಲ್ಲ. ಆದ್ದರಿಂದ ಅವರು ಮನೆಯಲ್ಲೇ ತಿಂಡಿ ತಿಂದು, ಮಾತ್ರೆ ತೆಗೆದುಕೊಂಡು ಬರಲಿ. ಫಲಿತಾಂಶ ಸರಿಯಾಗಿದ್ದರೆ ತಿಂಗಳ ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆಯನ್ನು ನಿಮ್ಮ ಊರಿನ ಹತ್ತಿರದ ಆರೋಗ್ಯ ಉಪಕೇಂದ್ರದಲ್ಲೇ ಮಾಡಿಸಬಹುದು. ಅದಕ್ಕಾಗಿ ಚೀಟಿ ಬರೆದುಕೊಡುತ್ತೇವೆ. ಪ್ರತಿ ತಿಂಗಳೂ ಘಾಟಿ ಇಳಿದು ಬರುವ ಶ್ರಮ ಅವರಿಗೆ ಬೇಡ.

ಈ ಉತ್ತರ ಸಮಾಧಾನ ತರದಿದ್ದರೆ ಶಿವಮೊಗ್ಗದ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ದೂರು ಕೊಡಬಹುದು, ಇಲ್ಲವೇ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದು. ಅದರಿಂದ ತಾಯಿಯವರ ಚಿಕಿತ್ಸೆಗೆ ಇಲ್ಲಿ ಯಾವ ತೊಂದರೆಯೂ ಆಗುವುದಿಲ್ಲ.

5ರಂದು ನಾನು ಆಸ್ಪತ್ರೆಯಲ್ಲೇ ಇರುತ್ತೇನೆ. ಬಂದ ಕೂಡಲೇ ನನ್ನ ಕೊಠಡಿಗೆ ಅವರನ್ನು ಕರೆತನ್ನಿ. ಎದುರಿಗೆ ಕೂತು ಕ್ಷಮೆ ಕೇಳಬೇಕಾಗಿದೆ.

ಇಂತಿ ತಮ್ಮ ವಿಶ್ವಾಸಿ,

(ಸಹಿ)
ಆಡಳಿತ ವೈದ್ಯಾಧಿಕಾರಿ